ಎಣ್ಣೆಗೆಂಪಿಗೆ ಯಾವ ಶೇಡ್? ಆನ್‌ಲೈನ್ ಅಂಗಡಿಯ ಪುಟ ಬರೆಯುವವರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಯಾರ ಮುಖವನ್ನೂ ನಾನು ನೋಡಿಲ್ಲ. ಆನ್‌ಲೈನ್ ಅಂಗಡಿಗಳಿಗೆ ಫೋಟೊ ಹಾಕುವವರು, ಶೇಡಿನ ಹೆಸರು ಟೈಪ್ ಮಾಡುವವರು, ಅದರ ಕೆಳಗೆ ನಾಲ್ಕು ಸಾಲು ವಿವರ ಬರೆಯುವವರು ನೀವು. ನಾನು ಹಾವೇರಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ, ಮದುವೆ ಸೀಸನ್ನಿನಲ್ಲಿ ಮದುಮಗಳ ಮೇಕಪ್ ಮಾಡುತ್ತೇನೆ. ನಾನು ಸಾಮಾನು ತರುವ ಅಂಗಡಿಗಳಲ್ಲಿ ಒಂದೊಂದು ಫೌಂಡೇಶನ್ನಿನ ಎರಡೋ ಮೂರೋ ಶೇಡ್ ಇರುತ್ತವೆ, ಅವೂ ತಿಳಿಬಣ್ಣದವು. ಹೀಗಾಗಿ ನನ್ನ ಕಿಟ್ಟಿನ ಮುಕ್ಕಾಲು ಪಾಲು ಸಾಮಾನು ನೀವು ಬರೆದ ಪುಟವನ್ನು ನಂಬಿ ತರಿಸಿದ್ದು. ಅಂಗಡಿಯಲ್ಲಾದರೆ ಟೆಸ್ಟರ್ ತೆಗೆದು ಕೆನ್ನೆಗೆ ಹಚ್ಚಿ ನೋಡಬಹುದು. ಇಲ್ಲಿ ನಿಮ್ಮ ಫೋಟೊ, ನೀವಿಟ್ಟ ಹೆಸರು, ಎರಡೇ ಆಧಾರ. ಅದಕ್ಕೇ ಈ ಪತ್ರ.

ಮೊದಲು ಒಂದು ಮದುವೆಯ ಮಾತು ಹೇಳುತ್ತೇನೆ. ಹುಡುಗಿಯದು ಎಣ್ಣೆಗೆಂಪು ಬಣ್ಣ, ಎಣ್ಣೆ ಸವರಿದ ಹಾಗೆ ಮಿನುಗುವ ಮೈ. ಅವಳಿಗೆ ಸರಿಹೊಂದುವ ಫೌಂಡೇಶನ್ ಬಾಟಲಿ ಮುಗಿದಿತ್ತು. ಹತ್ತು ದಿನ ಮುಂಚೆ ಹೊಸದೊಂದು ತರಿಸಿದೆ. ಪುಟದಲ್ಲಿ ಶೇಡಿನ ಹೆಸರು ನ್ಯಾಚುರಲ್ ಬೇಜ್. ಫೋಟೊಗಳು ಮೂರು: ಬಾಟಲಿ, ಬಿಳಿ ಹಾಳೆಯ ಮೇಲೆ ಎಳೆದ ಒಂದು ಗೆರೆ, ಬೆಳಕಿನಲ್ಲಿ ತೊಳೆದಂತಿದ್ದ ಮಾಡೆಲ್‌ನ ಕೆನ್ನೆ. ವಿವರದಲ್ಲಿ ಎಲ್ಲ ಭಾರತೀಯ ಮೈಬಣ್ಣಕ್ಕೂ ಹೊಂದುತ್ತದೆ ಎಂದಿತ್ತು. ಬಿಳಿ ಹಾಳೆಯ ಮೇಲಿನ ಗೆರೆ ಸಾಕಷ್ಟು ಕಂದಾಗಿ ಕಂಡಿದ್ದರಿಂದ ಧೈರ್ಯ ಮಾಡಿದೆ.

ಮದುವೆಗೆ ಮೂರು ದಿನ ಇರುವಾಗ ಟ್ರಯಲ್ ಇಟ್ಟುಕೊಂಡೆವು. ದವಡೆಯ ಮೇಲೆ ಒಂದು ಪಟ್ಟಿ ಎಳೆದೆ, ಸ್ವಲ್ಪ ತಿಳಿ ಅನ್ನಿಸಿತು, ಹರಡಿದರೆ ಕೂಡೀತು ಅಂದುಕೊಂಡೆ. ಪೂರ್ತಿ ಮುಖಕ್ಕೆ ಹಚ್ಚಿ, ಕಣ್ಣಿನ ಕೆಲಸ ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಹುಡುಗಿಯ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಹೇಳಿದರು, “ಅಕ್ಕಾರ, ಮಾರಿ ಬೂದಿ ಹಚ್ಚಿದಂಗ ಕಾಣಾಕತ್ತೈತ್ರಿ.” ಕಿಟಕಿಯ ಹತ್ತಿರ ಕರೆದೊಯ್ದು ನೋಡಿದೆ. ಅವರ ಮಾತು ನಿಜ. ಹಣೆಯ ಅಂಚಿನಲ್ಲಿ, ಬಾಯಿಯ ಸುತ್ತ ನೇರಳೆ ಮಿಶ್ರಿತ ಬೂದು ಎದ್ದಿತ್ತು. ಕುತ್ತಿಗೆ ಹೊನ್ನಿನ ಕಂದು, ಮುಖ ಬೇರೆ ಯಾರದೋ.

ಆ ಬೂದಿ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತಿರಬೇಕು, ಯಾಕೆಂದರೆ ನೀವಿಟ್ಟ ಹೆಸರಿನ ತಪ್ಪು ಅಲ್ಲೇ ಅಡಗಿದೆ. ಸಾಮಾನ್ಯವಾಗಿ ಫೌಂಡೇಶನ್ನಿನ ಬಣ್ಣ ನಾಲ್ಕು ಪುಡಿಗಳಿಂದ ಬರುತ್ತದೆ: ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು, ಜೊತೆಗೆ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಮೊದಲ ಮೂರನ್ನು ನಮ್ಮ ಕೆಮ್ಮಣ್ಣಿನ ಸಂಬಂಧಿಕರು ಅನ್ನಬಹುದು. ಹಳದಿ ಹೆಚ್ಚಿದರೆ ಶೇಡ್ ಹೊನ್ನಿನ ಕಡೆಗೆ ವಾಲುತ್ತದೆ, ಹಳದಿ ತಗ್ಗಿ ಕೆಂಪು ಮೇಲಾದರೆ ಗುಲಾಬಿಯ ಕಡೆಗೆ. ಬಿಳಿ ಹೆಚ್ಚಿದಷ್ಟೂ ತಿಳಿ. ನನ್ನ ಬಾಟಲಿ ಗುಲಾಬಿಗೆ ವಾಲಿದ್ದು, ಬಿಳಿ ಜಾಸ್ತಿ ಇದ್ದದ್ದು. ಹೊನ್ನಿನ ಕಂದು ಚರ್ಮದ ಮೇಲೆ ಬಿಳಿಯ ತೆಳು ಪದರ ಕೂತರೆ ಕೆಳಗಿನ ಕಂದು ಅದರ ಮೂಲಕ ಬೂದಾಗಿ ಕಾಣುತ್ತದೆ. ಗುಲಾಬಿಯೂ ಸೇರಿದಾಗ ನೇರಳೆ ಎದ್ದಿತು. ಹುಡುಗಿ ಕಪ್ಪಗಿದ್ದದ್ದು ಇದಕ್ಕೆ ಕಾರಣವಲ್ಲ. ಅವಳಿಗಿಂತ ಒಂದು ಮೆಟ್ಟಿಲು ತಿಳಿಯಾದ ಫೌಂಡೇಶನ್ ಹೊನ್ನಿಗೆ ವಾಲಿದ್ದರೆ ಮುಖ ಸ್ವಲ್ಪ ಬೆಳಗುತ್ತಿತ್ತೇ ಹೊರತು ಬೂದಿ ಏಳುತ್ತಿರಲಿಲ್ಲ.

ಅಂದರೆ ಒಂದು ಶೇಡಿನ ಬಗ್ಗೆ ಕೊಳ್ಳುವವಳಿಗೆ ಎರಡು ಸಂಗತಿ ಬೇಕು. ಎಷ್ಟು ಗಾಢ, ಮತ್ತು ಯಾವ ಕಡೆಗೆ ವಾಲಿದೆ. ಎರಡನೆಯದನ್ನು ನೀವು ಅಂಡರ್‌ಟೋನ್ ಅನ್ನುತ್ತೀರಿ, ನಾನು ನನ್ನ ಗಿರಾಕಿಗಳಿಗೆ ಒಳಬಣ್ಣ ಅಂತ ಹೇಳಿ ಅರ್ಥ ಮಾಡಿಸುತ್ತೇನೆ. ಬಿಸಿಲಿಗೆ ಹೋಗಿ ಬಂದರೆ ಮೇಲಿನ ಬಣ್ಣ ಗಾಢವಾಗುತ್ತದೆ, ಒಳಬಣ್ಣ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ನ್ಯಾಚುರಲ್ ಬೇಜ್ ಎಂಬ ಹೆಸರಿನಲ್ಲಿ ಈ ಎರಡರಲ್ಲಿ ಒಂದೂ ಇಲ್ಲ. ಬೇಜ್ ತಿಳಿಯೂ ಇರಬಹುದು, ನಡುವಣದ್ದೂ ಇರಬಹುದು. ನ್ಯಾಚುರಲ್ ಅಂದರೆ ಯಾರ ಸಹಜ ಬಣ್ಣ? ನಾನು ಕೊಂಡ ಎಷ್ಟೋ ಫೌಂಡೇಶನ್ ಸಾಲುಗಳಲ್ಲಿ ಆ ಹೆಸರು ಮೊದಲ ಮೂರು ತಿಳಿ ಶೇಡುಗಳ ಪೈಕಿ ಒಂದಕ್ಕೆ ಸಿಕ್ಕಿದೆ, ಗಾಢವಾದವಕ್ಕೆ ಕಾಫಿ, ಚಾಕೊಲೇಟ್ ಎಂಬ ತಿಂಡಿಯ ಹೆಸರು. ಇದು ನನಗೆ ನೋವು ತರುವ ವಿಷಯ, ಮುಚ್ಚಿಡುವುದಿಲ್ಲ. ಆದರೆ ನೋವಿಗಿಂತ ಮುಂಚೆ ಇದು ಮಾಹಿತಿಯ ಕೊರತೆ.

ಬಾಟಲಿಯ ಹಿಂದೆ ಓದಿ ತಿಳಿದುಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನು ಓದಿ ನೋಡಿದ್ದೇನೆ. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ +/- ಎಂಬ ಗುರುತು ಇಟ್ಟು ಅದರ ಮುಂದೆ ಸಿಐ 77491, ಸಿಐ 77492, ಸಿಐ 77499, ಸಿಐ 77891 ಎಂದು ಬರೆದಿರುತ್ತಾರೆ. ಕ್ರಮವಾಗಿ ಕೆಂಪು, ಹಳದಿ, ಕಪ್ಪು, ಬಿಳಿ. ಆ ಗುರುತಿನ ಅರ್ಥ, ಇವು ಇರಬಹುದು ಎಂದಷ್ಟೇ. ಇಡೀ ಸಾಲಿನ ಎಲ್ಲ ಶೇಡುಗಳಿಗೂ ಅದೇ ಪಟ್ಟಿ. ಯಾವುದು ಎಷ್ಟು ಎಂಬುದು ಅಲ್ಲಿ ಸಿಗುವುದಿಲ್ಲ. ಅದನ್ನು ಮಾತಿನಲ್ಲಿ ಹೇಳಬೇಕಾದವರು ನೀವೇ.

ಹೆಸರಿನ ಜಾಗದಲ್ಲಿ ಬರೀ ಅಕ್ಷರ, ಅಂಕಿ ಹಾಕಿದರೂ ಸಾಲದು. ಒಂದು ಕಂಪನಿಯ 220 ಇನ್ನೊಂದು ಕಂಪನಿಯ 220 ಅಲ್ಲ. ಅಕ್ಷರಗಳೂ ಒಂದೇ ಮಾತು ಆಡುವುದಿಲ್ಲ. ಬಹಳ ಕಡೆ ಡಬ್ಲ್ಯೂ ಅಂದರೆ ವಾರ್ಮ್, ಹೊನ್ನಿನದು. ಸಿ ಅಂದರೆ ಕೂಲ್, ಗುಲಾಬಿಯದು. ಮ್ಯಾಕ್ ಕಂಪನಿಯ ಪದ್ಧತಿಯಲ್ಲಿ ಇದು ತಿರುಗುಮುರುಗು: ಎನ್‌ಸಿ ಶೇಡುಗಳು ಹೊನ್ನಿನ ಒಳಬಣ್ಣದವರಿಗೆ, ಎನ್‌ಡಬ್ಲ್ಯೂ ಶೇಡುಗಳು ಗುಲಾಬಿ ಒಳಬಣ್ಣದವರಿಗೆ. ಮೇಕಪ್ ಕಲಿತವರಿಗೆ ಇದು ಬಾಯಿಪಾಠ. ಮೊದಲ ಸಲ ಕೊಳ್ಳುವ ಹುಡುಗಿ ಸಿ ನೋಡಿ ಕೂಲ್ ಅಂದುಕೊಂಡರೆ ಅವಳ ತಪ್ಪೇನು? ಕೋಡ್ ಏನೇ ಇರಲಿ, ಪಕ್ಕದಲ್ಲಿ ಬಿಡಿಸಿ ಬರೆಯಿರಿ.

2017ರ ಸೆಪ್ಟೆಂಬರಿನಲ್ಲಿ ಫೆಂಟಿ ಬ್ಯೂಟಿ 40 ಶೇಡುಗಳ ಫೌಂಡೇಶನ್ ತಂದಾಗ ನಮ್ಮಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶೇಡುಗಳ ಸಂಖ್ಯೆ ಹೆಚ್ಚಿದಷ್ಟೂ ಆಯ್ಕೆ ಕಷ್ಟ ಎಂಬುದೂ ಅದರ ಜೊತೆಗೇ ಬಂತು. ಮೂರು ಶೇಡುಗಳಲ್ಲಿ ಒಂದನ್ನು ಕಣ್ಣಳತೆಯಲ್ಲಿ ಆರಿಸಬಹುದು. ನಲವತ್ತರಲ್ಲಿ ಅಕ್ಕಪಕ್ಕದ ಎರಡಕ್ಕೆ ಇರುವ ವ್ಯತ್ಯಾಸ ಬರೀ ಒಳಬಣ್ಣದ್ದಾಗಿರಬಹುದು, ಫೋನಿನ ಪರದೆಯ ಮೇಲೆ ಆ ಎರಡು ಚೌಕಗಳು ಒಂದೇ ಥರ ಕಾಣುತ್ತವೆ.

ಈಗ ಫೋಟೊಗಳ ಮಾತು. ನಿಮ್ಮಲ್ಲಿ ಕೆಲವರು ಸ್ವಾಚ್ ಹಾಕುತ್ತೀರಿ, ಆದರೆ ಅದು ಸ್ವಾಚ್ ಅಲ್ಲ. ಒಂದೇ ಒಂದು ಲಿಪ್‌ಸ್ಟಿಕ್ ಗೆರೆಯ ಫೋಟೊ ತೆಗೆದು ಹದಿನೆಂಟು ಶೇಡಿಗೆ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿರುತ್ತೀರಿ. ಇದನ್ನು ಹಿಡಿಯುವುದು ಸುಲಭ. ಎರಡು ಶೇಡುಗಳ ಫೋಟೊ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದರೆ ಗೆರೆಯ ಕೊನೆಯಲ್ಲಿರುವ ಚಿಕ್ಕ ಮುರುಕು, ಮಧ್ಯದ ಮಿಂಚು, ಅಂಚಿನ ಒರಟು ಎಲ್ಲ ಅದೇ ಜಾಗದಲ್ಲಿ ಇರುತ್ತವೆ. ಕೈಯ ಫೋಟೊಗಳಲ್ಲೂ ಹೀಗೇ. ತಿಳಿ, ನಡು, ಗಾಢ ಎಂದು ಮೂರು ಕೈ ತೋರಿಸಿದ ಒಂದು ಪುಟದಲ್ಲಿ ಮೂರೂ ಕೈಗಳ ಮಣಿಕಟ್ಟಿನ ಹತ್ತಿರ ಒಂದೇ ಮಚ್ಚೆ ಇತ್ತು. ಕೈ ಒಂದೇ, ಬಣ್ಣ ಮಾತ್ರ ಕಂಪ್ಯೂಟರಿನದು. ಅಂಥ ಫೋಟೊದಲ್ಲಿ ಲಿಪ್‌ಸ್ಟಿಕ್ ಚರ್ಮದ ಮೇಲೆ ಹೇಗೆ ಕೂರುತ್ತದೆ, ಅಡಿಯ ಬಣ್ಣವನ್ನು ಎಷ್ಟು ಮುಚ್ಚುತ್ತದೆ ಎಂಬುದು ತಿಳಿಯುವುದೇ ಇಲ್ಲ.

ನಮ್ಮಲ್ಲಿ ಸೀರೆ ಅಂಗಡಿಗೆ ಹೋದ ಯಾವ ಹೆಂಗಸೂ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನಂಬುವುದಿಲ್ಲ. “ಹೊರಗ ಬೆಳಕಿಗೆ ತಂದು ತೋರಸ್ರಿ” ಅನ್ನುತ್ತಾಳೆ. ಅಂಗಡಿಯ ಹುಡುಗ ಬೇಸರವಿಲ್ಲದೆ ಸೆರಗು ಬಿಚ್ಚಿ ಬಾಗಿಲಿಗೆ ತರುತ್ತಾನೆ. ನಾನು ನಿಮ್ಮನ್ನು ಕೇಳುತ್ತಿರುವುದೂ ಇಷ್ಟೇ. ನೇರ ಬಿಸಿಲು ಬೀಳದ ಕಿಟಕಿ, ಉತ್ತರಕ್ಕಿದ್ದರೆ ಒಳ್ಳೆಯದು, ಬೆಳಗಿನ ಹೊತ್ತು. ಸ್ಟುಡಿಯೊ ಲೈಟೇ ಬೇಕು ಅಂದರೆ 5000ದಿಂದ 5500 ಕೆಲ್ವಿನ್ ಇರುವ, ಸಿಆರ್‌ಐ 90ಕ್ಕಿಂತ ಮೇಲಿರುವ ದೀಪ. ಚೌಕಟ್ಟಿನ ಮೂಲೆಯಲ್ಲಿ ಒಂದು ಬೂದು ಕಾರ್ಡ್ ಇಟ್ಟು ಅದಕ್ಕೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ. ಎಲ್ಲ ಶೇಡುಗಳಿಗೂ ಅದೇ ಜಾಗ, ಅದೇ ದೂರ. ಲಾಕ್ ಮಾಡದಿದ್ದರೆ ಏನಾಗುತ್ತದೆ ಅಂದರೆ, ಗಾಢ ಚರ್ಮ ಕಂಡ ತಕ್ಷಣ ಫೋನು ತಾನಾಗಿಯೇ ಚಿತ್ರವನ್ನು ಬೆಳಗಿಸುತ್ತದೆ, ಗಾಢ ಶೇಡು ಅಲ್ಲೇ ಒಂದು ಮೆಟ್ಟಿಲು ತಿಳಿಯಾಗಿಬಿಡುತ್ತದೆ.

ಫೌಂಡೇಶನ್ ಸ್ವಾಚ್ ಮುಂಗೈಯ ಒಳಭಾಗದಲ್ಲಿ ಬೇಡ. ಬಿಸಿಲು ಕಾಣದ ಆ ಜಾಗ ಮುಖಕ್ಕಿಂತ ತಿಳಿ. ದವಡೆಯಿಂದ ಕುತ್ತಿಗೆಗೆ ಇಳಿಯುವ ಪಟ್ಟಿ ಹಾಕಿ, ಒಂದೇ ಗೆರೆಯಲ್ಲಿ ಮುಖವೂ ಕುತ್ತಿಗೆಯೂ ಕಾಣುತ್ತವೆ. ಹಚ್ಚಿದ ಕೂಡಲೇ ಒಂದು ಫೋಟೊ, 20 ನಿಮಿಷದ ಮೇಲೆ ಇನ್ನೊಂದು. ಈ ಎರಡನೆಯದನ್ನು ನಾನು ಯಾವ ಪುಟದಲ್ಲೂ ಕಂಡಿಲ್ಲ, ಆದರೆ ನನ್ನ ಕೆಲಸಕ್ಕೆ ಅದೇ ಮುಖ್ಯ. ದ್ರವದಲ್ಲಿರುವ ನೀರು, ಹಾರಿಹೋಗುವ ಸಿಲಿಕೋನ್ ಆರಿದ ಮೇಲೆ ಬಣ್ಣದ ಪುಡಿ ಒತ್ತಾಗಿ ಉಳಿಯುತ್ತದೆ, ಚರ್ಮದ ಎಣ್ಣೆ ಅದರೊಳಗೆ ಸೇರುತ್ತದೆ. ಎಷ್ಟೋ ಫೌಂಡೇಶನ್‌ಗಳು ಹೀಗೆ ಗಾಢವಾಗುತ್ತವೆ, ಕೆಲವು ಕಿತ್ತಳೆಗೆ ತಿರುಗುತ್ತವೆ. ನನ್ನ ಬಾಟಲಿಯೂ ಬದಲಾಗಿತ್ತು, ಮೊದಲ ಐದು ನಿಮಿಷದ ಬಣ್ಣಕ್ಕೂ ಇಪ್ಪತ್ತನೇ ನಿಮಿಷದ ಬಣ್ಣಕ್ಕೂ ಹೊಂದಿಕೆ ಇರಲಿಲ್ಲ.

ಇಷ್ಟೆಲ್ಲ ಮಾಡಿದರೂ ಪರದೆಯ ಮಿತಿ ಉಳಿಯುತ್ತದೆ. ರಾತ್ರಿ ಫೋನಿನ ನೈಟ್ ಮೋಡ್ ಹಾಕಿಕೊಂಡು ನೋಡುವವಳಿಗೆ ಎಲ್ಲ ಶೇಡೂ ಹಳದಿಯೇ. ಅದಕ್ಕೆ ಫೋಟೊದ ಜೊತೆ ಹೋಲಿಕೆಯ ಮಾತೂ ಬೇಕು: ಇದೇ ಸಾಲಿನ ಇಂಥದ್ದಕ್ಕಿಂತ ಒಂದು ಮೆಟ್ಟಿಲು ಗಾಢ, ಇಂಥದ್ದರಷ್ಟೇ ಗಾಢ ಆದರೆ ಹೆಚ್ಚು ಹೊನ್ನು. ಬಣ್ಣವನ್ನು ಪರದೆ ಕೆಡಿಸಬಹುದು, ಈ ಹೋಲಿಕೆಯನ್ನು ಕೆಡಿಸಲಾಗದು.

ಒಳಬಣ್ಣ ಕಂಡುಕೊಳ್ಳಲು ನೀವು ಕೊಡುವ ಸಲಹೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಮಣಿಕಟ್ಟಿನ ನರ ನೋಡಿ, ನೀಲಿ ಕಂಡರೆ ಕೂಲ್, ಹಸಿರು ಕಂಡರೆ ವಾರ್ಮ್ ಎಂದು ಒಂದು ಪುಟದಿಂದ ಇನ್ನೊಂದಕ್ಕೆ ನಕಲಾಗುತ್ತಾ ಬಂದಿದೆ. ನಮ್ಮ ಚರ್ಮದ ಹಳದಿ-ಕಂದಿನ ಮೂಲಕ ನೋಡಿದಾಗ ಸಾಮಾನ್ಯವಾಗಿ ನರ ಹಸಿರಾಗಿಯೇ ಕಾಣುತ್ತದೆ. ಬಣ್ಣ ತೀರ ಗಾಢವಿದ್ದವರಲ್ಲಿ ನರ ಕಾಣುವುದೇ ಕಷ್ಟ. ಪಾರ್ಲರಿಗೆ ಬರುವ ಹತ್ತು ಹುಡುಗಿಯರನ್ನು ಈ ಪರೀಕ್ಷೆಗೆ ಹಚ್ಚಿದರೆ ಹತ್ತಕ್ಕೆ ಒಂಬತ್ತು ಮಂದಿ ವಾರ್ಮ್ ಅಂತ ಎದ್ದು ಹೋಗುತ್ತಾರೆ. ಚಿನ್ನ ಒಪ್ಪುತ್ತದೋ ಬೆಳ್ಳಿಯೋ ಎಂಬ ಪ್ರಶ್ನೆಯೂ ನಮ್ಮಲ್ಲಿ ನಡೆಯದು. ಹುಟ್ಟಿದಾಗಿನಿಂದ ಮೈಮೇಲೆ ಚಿನ್ನ ನೋಡಿದ ಕಣ್ಣಿಗೆ ಚಿನ್ನವೇ ಒಪ್ಪುವುದು.

ನಾನು ಕೇಳುವ ಪ್ರಶ್ನೆ ಬೇರೆ. ಈಗ ಹಚ್ಚುತ್ತಿರುವ ಫೌಂಡೇಶನ್ ಒಂದು ಗಂಟೆಯ ಮೇಲೆ ಹೇಗೆ ಕಾಣುತ್ತದೆ, ಬೂದಿಯೋ, ಗುಲಾಬಿಯೋ, ಕಿತ್ತಳೆಯೋ? ಇದಕ್ಕೆ ಯಾರಾದರೂ ಉತ್ತರ ಹೇಳಬಲ್ಲರು, ಯಾಕೆಂದರೆ ಫೋಟೊದಲ್ಲಿ ನೋಡಿ ಬೇಸರಪಟ್ಟಿರುತ್ತಾರೆ. ಬೂದಿ ಎಂದರೆ ಅವಳು ಕೊಂಡದ್ದು ತೀರ ತಿಳಿ, ಇಲ್ಲವೇ ಹಳದಿ ಸಾಲದ್ದು. ಗುಲಾಬಿ ಎದ್ದು ಕಂಡರೆ ಹೊನ್ನಿನ ಕಡೆಗೆ ಒಂದು ಹೆಜ್ಜೆ. ಕಿತ್ತಳೆ ಎಂದರೆ ಅವಸರ ಮಾಡಬಾರದು, ಎರಡು ಕಾರಣ ಇರಬಹುದು. ಆ ಫೌಂಡೇಶನ್ನೇ ಆರಿದಾಗ ತಿರುಗುವ ಜಾತಿಯದ್ದಿರಬಹುದು, ಇಲ್ಲವೇ ಅವಳದು ಆಲಿವ್ ಒಳಬಣ್ಣ ಇರಬಹುದು, ಅಂದರೆ ಹಳದಿಯ ಜೊತೆ ನಸುಹಸಿರು. ಆಲಿವ್ ನಮ್ಮಲ್ಲಿ ಅಪರೂಪವೇನಲ್ಲ, ಆದರೆ ನಿಮ್ಮ ಪುಟಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ವಾರ್ಮ್, ಕೂಲ್, ನ್ಯೂಟ್ರಲ್ ಮೂರೇ. ಆಲಿವ್ ಹುಡುಗಿ ನರ ನೋಡಿ ವಾರ್ಮ್ ಒತ್ತುತ್ತಾಳೆ, ಮುಖ ಕಿತ್ತಳೆಯಾಗುತ್ತದೆ, ತನ್ನ ಮೈಬಣ್ಣಕ್ಕೆ ಮೇಕಪ್ಪೇ ಆಗುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾಳೆ. ಇಂಥ ಮೂರು ನಾಲ್ಕು ಜನರನ್ನು ನಾನೇ ನೋಡಿದ್ದೇನೆ.

ನಿಮ್ಮ ಸಲಹೆಯಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಅರಿಶಿನ ಹಚ್ಚಿದ ದಿನ, ಮಾರನೆಯ ದಿನ ಶೇಡ್ ಹೊಂದಿಸಬೇಡಿ. ಅರಿಶಿನ ಶಾಸ್ತ್ರದ ಹಳದಿ ತೊಳೆದರೂ ಚರ್ಮದ ಮೇಲೆ ಉಳಿದಿರುತ್ತದೆ, ಆ ಹಳದಿಗೆ ಹೊಂದಿಸಿ ಕೊಂಡದ್ದು ವಾರದ ಮೇಲೆ ಬೇರೆಯಾಗಿ ಕಾಣುತ್ತದೆ.

ಲಿಪ್‌ಸ್ಟಿಕ್ಕಿನಲ್ಲಿ ನನ್ನ ತಕರಾರು ಮುಖ್ಯವಾಗಿ ನ್ಯೂಡ್ ಎಂಬ ಮಾತಿನ ಮೇಲೆ. ಕಂದು ಮೈಯವರಲ್ಲಿ ಬಹಳ ಜನರ ಮೇಲ್ದುಟಿ ಕಂದು, ಕೆಳದುಟಿ ಗುಲಾಬಿ. ತಿಳಿಗುಲಾಬಿ ನ್ಯೂಡ್ ಹಚ್ಚಿದರೆ ಕೆಳಗೆ ಚೆನ್ನಾಗಿ ಕಂಡರೂ ಮೇಲ್ದುಟಿ ಬೂದು-ನೇರಳೆಯಾಗುತ್ತದೆ, ಜ್ವರದಿಂದ ಎದ್ದವರ ತುಟಿಯ ಹಾಗೆ. ಇದು ಮುಂಗೈಯ ಸ್ವಾಚಿನಲ್ಲಿ ಎಂದೂ ತಿಳಿಯದು. ಹಾಗಾಗಿ ಎರಡು ಬಣ್ಣದ ತುಟಿ ಇರುವವರೊಬ್ಬರ ಬರಿ ತುಟಿಯ ಫೋಟೊ ಮೊದಲು, ಆಮೇಲೆ ಒಂದು ಕೋಟ್, ಆಮೇಲೆ ಎರಡು ಕೋಟ್. ಮೊದಲ ಕೋಟಿನಲ್ಲಿ ಮೇಲು ಕೆಳಗಿನ ವ್ಯತ್ಯಾಸ ಮುಚ್ಚಿತೋ ಇಲ್ಲವೋ, ಅದೇ ನಮಗೆ ಬೇಕಾದ ಸುದ್ದಿ.

ಊರಿನ ಹೆಸರು, ಹುಡುಗಿಯ ಹೆಸರು, ಮನಸ್ಸಿನ ಹುಮ್ಮಸ್ಸಿನ ಹೆಸರು, ಏನನ್ನು ಬೇಕಾದರೂ ಲಿಪ್‌ಸ್ಟಿಕ್ಕಿಗೆ ಇಡಿ, ನನಗೆ ಅಭ್ಯಂತರವಿಲ್ಲ. ಆ ಹೆಸರಿನ ಕೆಳಗೆ ಬಣ್ಣವನ್ನೂ ಹೇಳಿ. ಬಣ್ಣಕ್ಕೆ ಕನ್ನಡದಲ್ಲಿ ಮಾತಿನ ಬರ ಇಲ್ಲ. ಈರುಳ್ಳಿ ಸಿಪ್ಪೆ ಬಣ್ಣ ಅಂದರೆ ನಮ್ಮ ಸೀರೆ ಉಡುವ ಹೆಂಗಸರಿಗೆ ಯಾವ ಗುಲಾಬಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಟ್ಟಿಗೆ ಕೆಂಪು ಅಂದರೆ ಕಂದು ಬೆರೆತದ್ದು, ಕನಕಾಂಬರ ಅಂದರೆ ಕಿತ್ತಳೆಗೆ ವಾಲಿದ್ದು, ಬೀಟ್‌ರೂಟ್ ಅಂದರೆ ನೀಲಿ ಬೆರೆತ ಕೆಂಪು. ಈ ಕೊನೆಯ ಎರಡರ ವ್ಯತ್ಯಾಸ ಪುಟದಲ್ಲಿ ಇರಲೇಬೇಕು. ನೀಲಿಗೆ ವಾಲಿದ ಕೆಂಪು ಹಲ್ಲನ್ನು ಬಿಳಿ ತೋರಿಸುತ್ತದೆ, ಕಿತ್ತಳೆಗೆ ವಾಲಿದ್ದು ಹಲ್ಲಿನ ಹಳದಿಯನ್ನು ಎತ್ತಿ ತೋರಿಸುತ್ತದೆ. ಮದುವೆಯ ಫೋಟೊದಲ್ಲಿ ನಗುವ ಹುಡುಗಿಗೆ ಇದು ಸಣ್ಣ ವಿಷಯವಲ್ಲ.

ಹಾಗೆಯೇ ಎಣ್ಣೆಗೆಂಪು ಎಂಬ ಮಾತನ್ನು ನೋಡಿ. ಗಾಢತೆ, ಬಣ್ಣದ ವಾಲು, ಹೊಳಪು, ಮೂರೂ ಒಂದೇ ಪದದಲ್ಲಿವೆ. ಗೋಧಿ ಬಣ್ಣ ಅದಕ್ಕಿಂತ ತಿಳಿ, ಹಳದಿಗೆ ವಾಲಿದ್ದು. ನನ್ನ ಆ ಬಾಟಲಿಯ ಪುಟದಲ್ಲಿ ಹೀಗೆ ಬರೆದಿದ್ದರೆ ಸಾಕಿತ್ತು:

“ನ್ಯಾಚುರಲ್ ಬೇಜ್. ತಿಳಿ-ಮಧ್ಯಮ, ಗುಲಾಬಿ ಒಳಬಣ್ಣ. ಗುಲಾಬಿಗೆ ವಾಲಿದ ತಿಳಿ ಮೈಗೆ ಹೊಂದುತ್ತದೆ. ಹೊನ್ನಿನ ಗೋಧಿ ಬಣ್ಣ, ಎಣ್ಣೆಗೆಂಪಿನ ಮೇಲೆ ಬೂದಾಗಿ ಕಾಣಬಹುದು, ಅವರು ಇದೇ ಸಾಲಿನ ಗೋಲ್ಡನ್ ಶೇಡುಗಳನ್ನು ನೋಡಿ. 20 ನಿಮಿಷದಲ್ಲಿ ಸ್ವಲ್ಪ ಗಾಢವಾಗುತ್ತದೆ, ಫೋಟೊ 3 ನೋಡಿ.”

ಐದು ವಾಕ್ಯ. ಇದನ್ನು ಓದಿದ್ದರೆ ನಾನು ಆ ಬಾಟಲಿ ಕೊಳ್ಳುತ್ತಿರಲಿಲ್ಲ, ಅದೇ ಸಾಲಿನ ಬೇರೊಂದನ್ನು ಕೊಳ್ಳುತ್ತಿದ್ದೆ. ನಿಮಗೆ ವ್ಯಾಪಾರ ತಪ್ಪುತ್ತಿರಲಿಲ್ಲ. ಸೀಲ್ ಒಡೆದ ಬಾಟಲಿಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಅದು ಸರಿ, ಇನ್ನೊಬ್ಬರ ಬೆರಳು ತಾಗಿದ್ದನ್ನು ಮತ್ತೆ ಮಾರಬಾರದು. ಆದರೆ ಒಡೆಯದೆ ಶೇಡ್ ತಿಳಿಯುವ ದಾರಿಯನ್ನು ನೀವು ಕೊಟ್ಟಿರಲಿಲ್ಲ. 30 ಮಿಲಿ ಬಾಟಲಿಯ ಜೊತೆ 1 ಮಿಲಿ ಸ್ಯಾಶೆ ಮಾರುವ ಏರ್ಪಾಡು ಮಾಡಲಾದರೆ ಇನ್ನೂ ಒಳ್ಳೆಯದು. ಅಕ್ಕಪಕ್ಕದ ಮೂರು ಶೇಡ್ ತರಿಸಿ ದವಡೆಯ ಮೇಲೆ ಮೂರು ಪಟ್ಟಿ ಎಳೆದು, ಯಾವುದು ಚರ್ಮದಲ್ಲಿ ಕಳೆದುಹೋಗುತ್ತದೋ ಅದನ್ನು ಕೊಳ್ಳಬಹುದು.

ಆ ಹುಡುಗಿಯ ಮದುವೆಗೆ ನಾನು ಮಾಡಿದ್ದು ಇಷ್ಟು. ನ್ಯಾಚುರಲ್ ಬೇಜ್ ಒಂದು ಹನಿ, ಕಿಟ್ಟಿನ ತಳದಲ್ಲಿದ್ದ ಹೊನ್ನಿಗೆ ವಾಲಿದ ಗಾಢ ಶೇಡಿನ ಎರಡು ಹನಿ, ಬೆಂಕಿಕಡ್ಡಿಯ ತುದಿಯಷ್ಟು ಕಿತ್ತಳೆ ಕರೆಕ್ಟರ್, ಪ್ಯಾಲೆಟ್ ಮೇಲೆ ಕಲೆಸಿ ದವಡೆಗೆ ಹಚ್ಚಿ ಅರ್ಧ ಗಂಟೆ ಕಾದೆ. ಚಿಕ್ಕಮ್ಮನನ್ನೇ ಕಿಟಕಿಗೆ ಕರೆದು ಕೇಳಿದೆ. “ಈಗ ನಮ್ಮ ಹುಡುಗಿ ಕಂಡಳ್ರಿ” ಅಂದರು. ಹದಿನೆಂಟು ವರ್ಷ ಪಳಗಿದ ಕೈ ನನ್ನದು, ಕಲೆಸಿ ಸರಿಮಾಡಿತು. ಮನೆಯಲ್ಲಿ ಒಬ್ಬಳೇ ಕೂತು ತನ್ನ ಮೊದಲ ಸಂಬಳದಲ್ಲಿ ಒಂದು ಬಾಟಲಿ ತರಿಸಿಕೊಂಡ ಹುಡುಗಿಯ ಹತ್ತಿರ ಕಲೆಸಲು ಇನ್ನೊಂದು ಬಾಟಲಿ ಇರುವುದಿಲ್ಲ.

ನನ್ನ ಪಾರ್ಲರಿನ ಉತ್ತರದ ಕಿಟಕಿಯ ಹತ್ತಿರ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಒಳ್ಳೆಯ ಬೆಳಕು ಇರುತ್ತದೆ. ನನ್ನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರಲ್ಲಿ ಒಬ್ಬಳದು ಗೋಧಿ ಬಣ್ಣ, ಒಬ್ಬಳದು ನಸುಹಸಿರು ಬೆರೆತ ಕಂದು, ನನ್ನದು ಎಣ್ಣೆಗೆಂಪು. ನಿಮ್ಮ ಶೇಡುಗಳನ್ನು ಕಳಿಸಿ. ಮೂವರೂ ದವಡೆಗೆ ಹಚ್ಚಿಕೊಂಡು, ತುಟಿಗೆ ಹಚ್ಚಿಕೊಂಡು, ಇಪ್ಪತ್ತು ನಿಮಿಷ ಕಾದು ಫೋಟೊ ತೆಗೆದು ಕಳಿಸುತ್ತೇವೆ. ಬೂದು ಕಾರ್ಡ್ ತರಿಸಿಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿಯ ಒಬ್ಬ ಬ್ಯೂಟಿಷಿಯನ್